ಹೊಸ ಕೆಲಸದ ಪೋಸ್ಟ್: ಯಾರಿಗೆ ಥ್ಯಾಂಕ್ಸ್, ಯಾತಕ್ಕೆ ಥ್ಯಾಂಕ್ಸ್?

ಲಿಂಕ್ಡ್‌ಇನ್‌ನಲ್ಲಿ ನಿಮ್ಮ ಪ್ರೊಫೈಲ್‌ಗೆ ಹೊಸ ಹುದ್ದೆಯನ್ನು ಸೇರಿಸುವಾಗ Notify network ಎಂಬ ಆಯ್ಕೆಯೊಂದು ಕಾಣುತ್ತದೆ. ಅದನ್ನು ಆನ್ ಮಾಡಿದರೆ ಸುದ್ದಿ ತಾನಾಗಿಯೇ ನಿಮ್ಮ ಪರಿಚಿತರತ್ತ ಹೊರಡುತ್ತದೆ. ಪೋಸ್ಟ್ ಹಾಕಲು ಹೊರಟವರಿಗೆ “I’m happy to share that I’m starting a new position” ಎಂದು ಶುರುವಾಗುವ ಸಿದ್ಧ ವಾಕ್ಯವನ್ನೂ ಲಿಂಕ್ಡ್‌ಇನ್ ಒದಗಿಸುತ್ತದೆ. ಅಂದರೆ ಕೆಲಸ ಸಿಕ್ಕಿತು ಎಂಬ ಸುದ್ದಿಯನ್ನು ತಿಳಿಸುವುದಕ್ಕಷ್ಟೇ ಆದರೆ ನೀವು ಕೂತು ಬರೆಯುವ ಅಗತ್ಯವೇ ಇಲ್ಲ.

ಆದರೆ ಆ ಸಿದ್ಧ ವಾಕ್ಯಕ್ಕೆ ಗೊತ್ತಿಲ್ಲದ ಎರಡು ಸಂಗತಿಗಳಿವೆ. ಈ ಕೆಲಸದವರೆಗೆ ನಿಮ್ಮನ್ನು ಯಾರು ಏನು ಮಾಡಿ ತಲುಪಿಸಿದರು ಎಂಬುದು ಒಂದು. ಇನ್ನು ಮುಂದೆ ಯಾರು, ಯಾವ ವಿಷಯಕ್ಕೆ ನಿಮ್ಮನ್ನು ಮಾತಾಡಿಸಬಹುದು ಎಂಬುದು ಇನ್ನೊಂದು. ನೀವು ಬರೆಯಬೇಕಾದದ್ದು ಇವೆರಡನ್ನೇ, ನಾವು ಇಲ್ಲಿ ನಿಧಾನವಾಗಿ ನೋಡುವುದೂ ಇವೆರಡನ್ನೇ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ತುಮಕೂರಿನ ಒಬ್ಬ ಹುಡುಗಿ. ಬಿ.ಕಾಂ. ಮುಗಿಸಿ ಊರಿನಲ್ಲೇ ಒಂದು ಆಡಿಟರ್ ಆಫೀಸಿನಲ್ಲಿ ಎರಡು ವರ್ಷ ಕೆಲಸ ಮಾಡಿದ್ದಾಳೆ. ಈಗ ಬೆಂಗಳೂರಿನ ಕಂಪನಿಯೊಂದರ ಅಕೌಂಟ್ಸ್ ಪೇಯಬಲ್ ವಿಭಾಗದಲ್ಲಿ, ಅಂದರೆ ಮಾಲು ಸರಬರಾಜು ಮಾಡಿದವರ ಬಿಲ್ಲುಗಳನ್ನು ಪರಿಶೀಲಿಸಿ ಹಣ ಪಾವತಿಸುವ ವಿಭಾಗದಲ್ಲಿ, ಅವಳಿಗೆ ಕೆಲಸವಾಗಿದೆ. ಅವಳು ಬರೆದ ಮೊದಲ ಕರಡು ಹೀಗಿದೆ ಎಂದುಕೊಳ್ಳಿ:

“ಬೆಂಗಳೂರಿನ ಪ್ರತಿಷ್ಠಿತ ಕಂಪನಿಯೊಂದರಲ್ಲಿ ನನ್ನ ಹೊಸ ಪಯಣ ಆರಂಭವಾಗುತ್ತಿದೆ ಎಂದು ತಿಳಿಸಲು ಹೆಮ್ಮೆಪಡುತ್ತೇನೆ. ಈ ಹಾದಿಯಲ್ಲಿ ನನ್ನನ್ನು ಬೆಂಬಲಿಸಿದ ಹೆತ್ತವರಿಗೆ, ಗುರುಗಳಿಗೆ, ಸಹೋದ್ಯೋಗಿಗಳಿಗೆ, ಸ್ನೇಹಿತರಿಗೆ ಹೃತ್ಪೂರ್ವಕ ಧನ್ಯವಾದಗಳು. ಸದಾ ಸಂಪರ್ಕದಲ್ಲಿರೋಣ.”

ಇದರಲ್ಲಿ ಕಾಗುಣಿತದ ತಪ್ಪಿಲ್ಲ, ವ್ಯಾಕರಣದ ತಪ್ಪೂ ಇಲ್ಲ. ಆದರೆ ಇದನ್ನು ಓದಿದವರಿಗೆ ಅವಳ ಕೆಲಸ ಏನೆಂದು ತಿಳಿಯುವುದಿಲ್ಲ, ಥ್ಯಾಂಕ್ಸ್ ಹೇಳಿಸಿಕೊಂಡವರಿಗೆ ಅದು ತಮಗೇ ಹೇಳಿದ್ದೆಂದು ಗೊತ್ತಾಗುವುದಿಲ್ಲ, ಸಂಪರ್ಕದಲ್ಲಿರಬೇಕೆಂದುಕೊಂಡವರಿಗೆ ಯಾವ ನೆಪದಲ್ಲಿ ಮಾತಾಡಿಸಬೇಕೋ ಹೊಳೆಯುವುದಿಲ್ಲ. ಮದುವೆ ಕಾಗದದ ಕೊನೆಯಲ್ಲಿ ಬರುವ “ಸುಖಾಗಮನ ಬಯಸುವವರು” ಪಟ್ಟಿಯ ಹಾಗೆ ಎಲ್ಲರೂ ಇದ್ದಾರೆ, ಯಾರೂ ಎದ್ದು ಕಾಣುವುದಿಲ್ಲ.

ತಿದ್ದುವ ಮೊದಲು ಯಾವಾಗ ಹಾಕಬೇಕು ಎಂಬುದನ್ನು ಇತ್ಯರ್ಥ ಮಾಡಿಕೊಳ್ಳೋಣ. ಆಫರ್ ಲೆಟರ್ ಕೈಗೆ ಬಂದ ದಿನವೇ ಹಾಕುವ ಆಸೆ ಸಹಜ. ಬೇಡ. ಆಫರ್ ಬಂದ ಮೇಲೂ ಹಳೆಯ ಆಫೀಸಿನ ನೋಟಿಸ್ ಅವಧಿ ಬಾಕಿ ಇರುತ್ತದೆ, ರಿಲೀವಿಂಗ್ ಲೆಟರ್ ಬರಬೇಕಿರುತ್ತದೆ, ಹೊಸ ಕಂಪನಿಯವರು ನಿಮ್ಮ ಹಿನ್ನೆಲೆ ಪರಿಶೀಲನೆ ನಡೆಸುತ್ತಿರುತ್ತಾರೆ. ಈ ಮೂರರಲ್ಲಿ ಒಂದು ತಡವಾದರೂ ಸೇರುವ ದಿನಾಂಕ ಮುಂದೆ ಹೋಗುತ್ತದೆ, ಕೆಲವೊಮ್ಮೆ ಆಫರ್ ವಾಪಸ್ಸಾಗುವುದೂ ಉಂಟು. ಹಳೆಯ ಯಜಮಾನರಿಗೆ ನೀವು ಬಿಡುವ ಸುದ್ದಿ ಲಿಂಕ್ಡ್‌ಇನ್ ಮೂಲಕ ಗೊತ್ತಾಗುವುದಂತೂ ಆಗಲೇಬಾರದು. ಕೆಲಸಕ್ಕೆ ಸೇರಿ ಒಂದು ವಾರ ಕಳೆಯಲಿ. ಹೊಸ ಕಂಪನಿಗೆ ಇಂಥ ಪೋಸ್ಟ್‌ಗಳ ಬಗ್ಗೆ ನಿಯಮವೇನಾದರೂ ಇದೆಯೇ ಎಂದು ಎಚ್.ಆರ್.ನವರನ್ನು ಒಂದು ಮಾತು ಕೇಳಿ. ಆಮೇಲೆ ಬರೆದರೆ ಏನೂ ನಷ್ಟವಿಲ್ಲ.

ಈಗ ಮೊದಲ ಸಾಲು. ಫೀಡ್‌ನಲ್ಲಿ ಪೋಸ್ಟ್‌ನ ಮೊದಲ ಎರಡು ಮೂರು ಸಾಲುಗಳಷ್ಟೇ ಕಾಣುತ್ತವೆ. ಉಳಿದದ್ದನ್ನು ಓದಲು more ಎಂಬಲ್ಲಿ ಒತ್ತಬೇಕು. ಮೊಬೈಲ್‌ನ ಕಿರಿದಾದ ಪರದೆಯಲ್ಲಿ ಕನ್ನಡದ ಎರಡು ಮೂರು ಸಾಲೆಂದರೆ ಹದಿನೈದು ಪದವೂ ಹಿಡಿಸದೆ ಹೋಗಬಹುದು. ಅಷ್ಟು ಜಾಗದಲ್ಲಿ ಹೆಮ್ಮೆ, ಪಯಣ, ಪ್ರತಿಷ್ಠೆಗಳನ್ನು ತುಂಬಿದರೆ ಸುದ್ದಿಗೇ ಎಡೆ ಉಳಿಯುವುದಿಲ್ಲ. ಹುದ್ದೆ, ಕಂಪನಿ, ಊರು: ಈ ಮೂರು ಮೊದಲ ವಾಕ್ಯದಲ್ಲೇ ಬರಲಿ. ನಮ್ಮ ಹುಡುಗಿ ಹೀಗೆ ಬರೆಯಬಹುದು: “ಕಳೆದ ಸೋಮವಾರ ಬೆಂಗಳೂರಿನ ಇಂಥ ಕಂಪನಿಯಲ್ಲಿ ಅಕೌಂಟ್ಸ್ ಪೇಯಬಲ್ ಅನಲಿಸ್ಟ್ ಆಗಿ ಸೇರಿದೆ.” ಮೊದಲ ಸಾಲಿಗೆ ಇಷ್ಟು ಸಾಕು, ಇಲ್ಲಿ ಹೆಚ್ಚು ಹೊತ್ತು ನಿಲ್ಲುವುದು ಬೇಡ.

ಕಷ್ಟವಿರುವುದು ಥ್ಯಾಂಕ್ಸ್ ಹೇಳುವುದರಲ್ಲಿ. ಹೊಸಬರು ಮೊದಲು ಹೆಸರುಗಳ ಪಟ್ಟಿ ಮಾಡುತ್ತಾರೆ, ಆಮೇಲೆ ಪ್ರತಿಯೊಂದು ಹೆಸರಿಗೂ ಒಂದೊಂದು ವಿಶೇಷಣ ಹುಡುಕುತ್ತಾರೆ. ಹಾಗಾಗಿಯೇ “ಸದಾ ಬೆನ್ನೆಲುಬಾಗಿ ನಿಂತ”, “ಅಮೂಲ್ಯ ಮಾರ್ಗದರ್ಶನ ನೀಡಿದ” ಎಂಬ ಸವೆದ ಮಾತುಗಳು ಬರುತ್ತವೆ. ಇದನ್ನು ತಿರುವುಮುರುವು ಮಾಡಿ. ಮೊದಲು ನಡೆದ ಸಂಗತಿಗಳನ್ನು ಬರೆದುಕೊಳ್ಳಿ, ಹೆಸರು ಆಮೇಲೆ. ಈ ಕೆಲಸ ಇದೆ ಎಂದು ಗೊತ್ತಾದದ್ದು ಹೇಗೆ? ರೆಸ್ಯೂಮೆ ಈಗಿನ ರೂಪಕ್ಕೆ ಬಂದದ್ದು ಹೇಗೆ? ಇಂಟರ್‌ವ್ಯೂನಲ್ಲಿ ಯಾವ ಪ್ರಶ್ನೆಗೆ ಧೈರ್ಯವಾಗಿ ಉತ್ತರಿಸಿದಿರಿ, ಆ ಉತ್ತರವನ್ನು ಎಲ್ಲಿ ಕಲಿತಿದ್ದಿರಿ?

ನಮ್ಮ ಹುಡುಗಿ ಹಾಗೆ ಬರೆದುಕೊಂಡಾಗ ನಾಲ್ಕು ಸಂಗತಿ ಸಿಗುತ್ತವೆ. ಆಡಿಟರ್ ಆಫೀಸಿನ ಸೀನಿಯರ್ ಒಬ್ಬರು ಖರೀದಿ ಪುಸ್ತಕದ ಬಿಲ್ಲುಗಳನ್ನು ಜಿಎಸ್‌ಟಿಆರ್-2ಬಿ ಜೊತೆ ತಾಳೆ ನೋಡುವುದನ್ನು ಕಲಿಸಿದ್ದರು. ಪ್ರತಿ ತಿಂಗಳ 14ರಂದು ಜಿಎಸ್‌ಟಿ ಪೋರ್ಟಲ್ ಸಿದ್ಧಪಡಿಸುವ ಪಟ್ಟಿ ಅದು. ಮಾರಿದವರು ತಮ್ಮ ರಿಟರ್ನ್‌ನಲ್ಲಿ ತೋರಿಸಿದ ಬಿಲ್ಲುಗಳು ಅದರಲ್ಲಿರುತ್ತವೆ. ಅದರಲ್ಲಿ ಕಾಣದ ಬಿಲ್ಲನ್ನು ಬೆನ್ನತ್ತುವುದು ಹೇಗೆ ಎಂದು ಆ ಸೀನಿಯರ್ ಸಂಜೆ ಹೊತ್ತು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದ್ದರು, ಇಂಟರ್‌ವ್ಯೂನಲ್ಲಿ ಕೇಳಿದ್ದೂ ಅದನ್ನೇ. ಎರಡನೆಯದಾಗಿ, ಕಾಲೇಜಿನ ಕಾಮರ್ಸ್ ಮೇಡಂ ಫೋನಿನಲ್ಲೇ ಅಣಕು ಇಂಟರ್‌ವ್ಯೂ ಮಾಡಿ, “ನೀನು ಮಾಡಿದ್ದನ್ನು ‘ನಾವು’ ಅಂತ ಹೇಳಬೇಡ, ‘ನಾನು’ ಅನ್ನು” ಎಂದು ತಿದ್ದಿದ್ದರು. ಮೂರನೆಯದಾಗಿ, ಎಂದೂ ಮುಖ ನೋಡಿರದ ಕಾಲೇಜಿನ ಹಳೆಯ ವಿದ್ಯಾರ್ಥಿಯೊಬ್ಬರು ಮೂರು ಪುಟದ ರೆಸ್ಯೂಮೆಯನ್ನು ಒಂದು ಪುಟಕ್ಕೆ ಇಳಿಸಿಕೊಟ್ಟಿದ್ದರು. ನಾಲ್ಕನೆಯದಾಗಿ, ಆ ಕಂಪನಿಯಲ್ಲೇ ಇರುವ ಗೆಳತಿ ಅವಳ ಹೆಸರನ್ನು ರೆಫರ್ ಮಾಡಿದ್ದಳು.

ಈಗ ಗಮನಿಸಿ, ವಿಶೇಷಣಗಳೇ ಬೇಕಾಗುವುದಿಲ್ಲ. “ಅಮೂಲ್ಯ ಮಾರ್ಗದರ್ಶನ” ಎಂಬಲ್ಲಿ “2ಬಿಯಲ್ಲಿ ಕಾಣದ ಬಿಲ್ಲನ್ನು ಹುಡುಕುವುದನ್ನು ಕಲಿಸಿದವರು” ಎಂದು ಬಂತು. ಆ ಸೀನಿಯರ್ ಇದನ್ನು ಓದಿದರೆ ಆ ಸಂಜೆಗಳು ಅವರಿಗೂ ನೆನಪಾಗುತ್ತವೆ. ಹೊರಗಿನವರು ಓದಿದರೆ ಆ ಸೀನಿಯರ್ ಒಳ್ಳೆಯ ಕಲಿಸುಗರೆಂದೂ, ಈ ಹುಡುಗಿಗೆ ಬಿಲ್ಲು ತಾಳೆ ನೋಡುವ ಕೆಲಸ ಬರುತ್ತದೆಂದೂ ತಿಳಿಯುತ್ತದೆ. ತನ್ನ ಬಗ್ಗೆ ಒಂದು ಹೊಗಳಿಕೆಯನ್ನೂ ಬರೆದುಕೊಳ್ಳದೆ ಅವಳ ಕೌಶಲ ಹೊರಬಿತ್ತು.

ಅಮೆರಿಕದ ಮನಶ್ಶಾಸ್ತ್ರಜ್ಞೆ ಸಾರಾ ಅಲ್ಗೋ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಥ್ಯಾಂಕ್ಸ್ ಹೇಳುವ ಮಾತಿನಲ್ಲಿ ಎರಡು ಅಂಶಗಳನ್ನು ಅವರು ಬೇರೆಬೇರೆ ಮಾಡಿ ನೋಡಿದರು: ಎದುರಿನವರು ಮಾಡಿದ್ದನ್ನು ಮೆಚ್ಚುವ ಮಾತು ಮತ್ತು ನನಗೆ ಇದರಿಂದ ಏನು ಲಾಭವಾಯಿತು ಎಂಬ ಮಾತು. ಕೇಳಿಸಿಕೊಂಡವರ ಮನಸ್ಸಿಗೆ ಮುಟ್ಟಿದ್ದು ಮುಖ್ಯವಾಗಿ ಮೊದಲನೆಯದು. ಆ ಅಧ್ಯಯನ ನಡೆದದ್ದು ಜೋಡಿಗಳ ನಡುವೆ, ಆಫೀಸಿನಲ್ಲಲ್ಲ. ಆದರೂ ನಿಮ್ಮ ಕರಡನ್ನು ಪರೀಕ್ಷಿಸಲು ಇದು ಒಳ್ಳೆಯ ಉಪಾಯ. ಥ್ಯಾಂಕ್ಸ್ ಸಾಲಿನ ಕ್ರಿಯಾಪದದ ಕರ್ತೃ ಯಾರೆಂದು ನೋಡಿ. “ಇವರಿಂದ ನಾನು ಬೆಳೆದೆ, ನಾನು ಕಲಿತೆ, ನಾನು ಗೆದ್ದೆ” ಎಂದಿದ್ದರೆ ಸಾಲು ಇನ್ನೂ ನಿಮ್ಮ ಬಗ್ಗೆಯೇ ಇದೆ. “ಇವರು ಕೂತು ತೋರಿಸಿದರು, ತಿದ್ದಿದರು, ಇಳಿಸಿಕೊಟ್ಟರು” ಎಂದಿದ್ದರೆ ಸರಿಯಾದ ದಾರಿಯಲ್ಲಿದ್ದೀರಿ.

ಎಷ್ಟು ಜನರನ್ನು ಹೆಸರಿಸಬೇಕು? ಮೂರರಿಂದ ಐದು ಎಂದು ನಾನು ಹೇಳುತ್ತೇನೆ. ಒಬ್ಬೊಬ್ಬರಿಗೆ ಒಂದು ವಾಕ್ಯ ಕೊಡಲು ಆಗದಷ್ಟು ಹೆಸರುಗಳಿದ್ದರೆ ಪೋಸ್ಟ್ ಮತ್ತೆ ಪಟ್ಟಿಯಾಗುತ್ತದೆ. ಉಳಿದವರಿಗೆ ಒಂದು ಫೋನ್ ಮಾಡಿದರೆ ಪೋಸ್ಟ್‌ಗಿಂತ ಹೆಚ್ಚಿನ ಮರ್ಯಾದೆಯೇ ಆಯಿತು. ಅಪ್ಪ ಅಮ್ಮನ ವಿಚಾರವೂ ಹೀಗೆಯೇ. ಅವರು ಏನು ಮಾಡಿದರು ಎಂದು ಒಂದು ನಿಜವಾದ ವಾಕ್ಯ ಬರೆಯಲಾದರೆ ಬರೆಯಿರಿ, ಹೆಸರಿಗೊಂದು ನಮಸ್ಕಾರ ಎಂದಾದರೆ ಸಿಹಿ ತೆಗೆದುಕೊಂಡು ಮನೆಗೆ ಹೋಗಿ.

ಹೆಸರಿಸುವ ಮೊದಲು ಆಯಾ ವ್ಯಕ್ತಿಯನ್ನು ಕೇಳಿ. ಬಹಳ ಜನ ಮರೆಯುವುದು ಇದನ್ನೇ. ನಮ್ಮ ಉದಾಹರಣೆಯ ಗೆಳತಿಯನ್ನು ನೋಡಿ. “ಇವಳು ರೆಫರ್ ಮಾಡಿದ್ದರಿಂದ ಕೆಲಸವಾಯಿತು” ಎಂದು ಎಲ್ಲರೆದುರು ಬರೆದರೆ ಮರುದಿನದಿಂದ ಗುರುತು ಪರಿಚಯವಿಲ್ಲದವರೆಲ್ಲ ಅವಳಿಗೆ ರೆಸ್ಯೂಮೆ ಕಳಿಸಲು ಶುರು ಮಾಡುತ್ತಾರೆ. ಹೊಸ ಹುಡುಗಿ ತನ್ನ ಸಾಮರ್ಥ್ಯದಿಂದ ಬಂದಳೋ ಗೆಳೆತನದಿಂದ ಬಂದಳೋ ಎಂಬ ಗುಸುಗುಸು ಆಫೀಸಿನಲ್ಲಿ ಎದ್ದರೂ ಎದ್ದಿತು. ಗೆಳತಿ ಬೇಡವೆಂದರೆ ಅವಳ ಹೆಸರು ಬಿಡಬೇಕು. ಇಂಟರ್‌ವ್ಯೂ ಮಾಡಿದವರ ಹೆಸರನ್ನೂ, ಅವರು ಕೇಳಿದ ಪ್ರಶ್ನೆಗಳನ್ನೂ ಹಾಕದಿರುವುದು ಲೇಸು. ನಾಳೆ ಬರುವ ಅಭ್ಯರ್ಥಿಗಳಿಗೂ ಅವರು ಅದನ್ನೇ ಕೇಳಬೇಕಿರಬಹುದು. ಹಳೆಯ ಆಫೀಸಿನ ಕಕ್ಷಿದಾರರ ಹೆಸರಂತೂ ಸುಳಿಯಲೇಬಾರದು. ಆಡಿಟರ್ ಆಫೀಸಿನಲ್ಲಿ ಕಂಡದ್ದು ಅಲ್ಲಿಯೇ ಉಳಿಯಬೇಕು.

ಒಪ್ಪಿದವರ ಹೆಸರನ್ನು ಟ್ಯಾಗ್ ಮಾಡುವುದು ಸುಲಭ. @ ಒತ್ತಿ ಹೆಸರು ಬರೆಯಲು ಶುರು ಮಾಡಿದರೆ ಕೆಳಗೆ ಪಟ್ಟಿ ಇಳಿಯುತ್ತದೆ, ಅದರಲ್ಲಿ ಸರಿಯಾದವರನ್ನು ಆರಿಸಬೇಕು. ಆರಿಸದೆ ಬರೀ ಹೆಸರು ಬರೆದರೆ ಅದು ಅಕ್ಷರವಾಗಿ ಉಳಿಯುತ್ತದೆಯೇ ಹೊರತು ಅವರಿಗೆ ಸೂಚನೆ ಹೋಗುವುದಿಲ್ಲ. ಸರಿಯಾಗಿ ಕೂತ ಹೆಸರು ಉಳಿದ ಅಕ್ಷರಗಳಿಗಿಂತ ಬೇರೆಯಾಗಿ ಕಾಣುತ್ತದೆ, ಒತ್ತಿದರೆ ಅವರ ಪ್ರೊಫೈಲ್ ತೆರೆಯುತ್ತದೆ. ನಮ್ಮಲ್ಲಿ ಒಂದೇ ಹೆಸರಿನವರು ನೂರಾರು ಮಂದಿ ಇರುವುದರಿಂದ ಫೋಟೊ ಮತ್ತು ಹುದ್ದೆ ನೋಡಿಯೇ ಆರಿಸಿ, ಹಾಕಿದ ಮೇಲೆ ಒಂದು ಸಲ ಒತ್ತಿ ನೋಡಿ. ಕಂಪನಿಯ ಪುಟವನ್ನು ಟ್ಯಾಗ್ ಮಾಡುವಾಗಲೂ ಅಷ್ಟೇ, ಹೋಲುವ ಹೆಸರಿನ ಪುಟಗಳು ಇರುತ್ತವೆ. ಟ್ಯಾಗ್ ಬೇಡವೆನಿಸಿದವರು ಅದನ್ನು ತಾವೇ ತೆಗೆದುಹಾಕಬಹುದು, ಹಾಗಾದರೆ ಬೇಸರಪಡಬೇಡಿ. ಮೇಡಂ ಲಿಂಕ್ಡ್‌ಇನ್‌ನಲ್ಲೇ ಇಲ್ಲದಿದ್ದರೆ ಅವರ ಹೆಸರನ್ನು ಹಾಗೇ ಬರೆದು, ಪೋಸ್ಟ್‌ನ ಚಿತ್ರವನ್ನು ವಾಟ್ಸಾಪ್‌ನಲ್ಲಿ ಕಳಿಸಿ.

ಇನ್ನು ಕೊನೆಯ ಭಾಗ, “ಸದಾ ಸಂಪರ್ಕದಲ್ಲಿರೋಣ” ಎಂಬುದು. ಕೆಲಸ ಸಿಕ್ಕ ಮೇಲೆ ಈ ಆಹ್ವಾನ ಯಾಕೆ ಬೇಕು ಎಂದು ಕೇಳಬಹುದು. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಅವರ 1973ರ ಪ್ರಬಂಧವೊಂದು ಈ ಪ್ರಶ್ನೆಗೆ ಹಳೆಯ, ಗಟ್ಟಿಯಾದ ಉತ್ತರ ಕೊಡುತ್ತದೆ. ಬೋಸ್ಟನ್ ಪಕ್ಕದ ನ್ಯೂಟನ್ ಎಂಬಲ್ಲಿ ಆಗಷ್ಟೇ ಕೆಲಸ ಬದಲಿಸಿದವರನ್ನು ಅವರು ಮಾತಾಡಿಸಿದ್ದರು. ಪರಿಚಿತರ ಮೂಲಕ ಕೆಲಸ ಕಂಡುಕೊಂಡವರಲ್ಲಿ, ಆ ಪರಿಚಿತರನ್ನು ಆಗಾಗ ಭೇಟಿಯಾಗುತ್ತಿದ್ದವರು ಶೇ. 16.7 ಮಾತ್ರ. ಶೇ. 55.6 ಮಂದಿ ಆಗೊಮ್ಮೆ ಈಗೊಮ್ಮೆ ಕಾಣುತ್ತಿದ್ದರು, ಶೇ. 27.8 ಮಂದಿ ಅಪರೂಪಕ್ಕೆ. ಹತ್ತಿರದವರಿಗೆ ಗೊತ್ತಿರುವುದು ಬಹುಪಾಲು ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ಸ್ವಲ್ಪ ದೂರದವರಿಂದ. ಲಿಂಕ್ಡ್‌ಇನ್‌ನ ಎರಡು ಕೋಟಿಗೂ ಹೆಚ್ಚು ಸದಸ್ಯರನ್ನು ಒಳಗೊಂಡ ಪ್ರಯೋಗಗಳ ಫಲಿತಾಂಶ 2022ರಲ್ಲಿ ಪ್ರಕಟವಾದಾಗಲೂ, ಕೆಲಸ ಬದಲಿಸಲು ಹೆಚ್ಚು ನೆರವಾಗುವುದು ತೀರಾ ಆಪ್ತರೂ ಅಲ್ಲದ, ತೀರಾ ಅಪರಿಚಿತರೂ ಅಲ್ಲದ ನಡುವಿನವರು ಎಂದು ಕಂಡುಬಂತು. ನಮ್ಮ ಹುಡುಗಿಯ ರೆಸ್ಯೂಮೆ ತಿದ್ದಿದವರನ್ನು ನೆನೆಸಿಕೊಳ್ಳಿ, ಅವರೂ ಆಪ್ತ ಬಳಗದವರಲ್ಲ.

ಆದರೆ ದೂರದವರು ನಿಮ್ಮನ್ನು ಮಾತಾಡಿಸಬೇಕಾದರೆ ಅವರಿಗೊಂದು ನೆಪ ಬೇಕು. ಗೆಳತಿಗೆ ಫೋನ್ ಮಾಡಲು ಕಾರಣ ಬೇಡ, ಅಷ್ಟಾಗಿ ಪರಿಚಯವಿಲ್ಲದವರಿಗೆ ಬೇಕು. ಆದ್ದರಿಂದ ಆಹ್ವಾನದಲ್ಲಿ ಯಾರು ಮತ್ತು ಯಾವ ವಿಷಯಕ್ಕೆ ಎಂಬುದು ಇರಲಿ. “ಸಣ್ಣ ಊರಿನ ಆಡಿಟರ್ ಆಫೀಸಿನಲ್ಲಿ ಇದ್ದುಕೊಂಡು ಕಂಪನಿ ಅಕೌಂಟ್ಸ್ ಕೆಲಸಕ್ಕೆ ಪ್ರಯತ್ನಿಸುತ್ತಿರುವವರು ರೆಸ್ಯೂಮೆ ಬಗ್ಗೆ ಕೇಳಬಹುದು” ಎಂದು ಬರೆದರೆ ಯಾರು ಬರಬೇಕೆಂದು ಸ್ಪಷ್ಟವಾಯಿತು. ಅಷ್ಟೇ ಮುಖ್ಯವಾಗಿ, ಏನು ಕೇಳಬಾರದು ಎಂಬುದೂ ಸ್ಪಷ್ಟವಾಗಬೇಕು. ಅವಳು ಇನ್ನೂ ಪ್ರೊಬೇಷನ್‌ನಲ್ಲಿದ್ದಾಳೆ, ಇತರರನ್ನು ರೆಫರ್ ಮಾಡುವ ಸ್ಥಿತಿಯಲ್ಲಿಲ್ಲ. ಅದನ್ನೂ ಒಂದು ವಾಕ್ಯದಲ್ಲಿ ಹೇಳಿಬಿಡಬೇಕು. ಹೇಳದಿದ್ದರೆ ಬರುವ ಸಂದೇಶಗಳಲ್ಲಿ ಬಹುಪಾಲು ಅದೇ ಇರುತ್ತದೆ.

ದಾರಿಯೂ ಸರಿಯಿರಬೇಕು. “ನನಗೆ ಮೆಸೇಜ್ ಮಾಡಿ” ಎಂದು ಬರೆದವರು ಒಂದು ವಿಷಯ ಮರೆತಿರುತ್ತಾರೆ. ಉಚಿತ ಖಾತೆಯವರು ಲಿಂಕ್ಡ್‌ಇನ್‌ನಲ್ಲಿ ಸಾಮಾನ್ಯವಾಗಿ ತಮ್ಮ ನೇರ ಕನೆಕ್ಷನ್‌ಗಳಿಗಷ್ಟೇ ಸಂದೇಶ ಕಳಿಸಬಹುದು. ಯಾರನ್ನು ತಲುಪಲೆಂದು ಆ ಸಾಲು ಬರೆದಿರೋ ಆ ದೂರದವರಿಗೆ ಬಾಗಿಲು ಮುಚ್ಚಿಯೇ ಇರುತ್ತದೆ. ಕನೆಕ್ಷನ್ ಕೋರಿಕೆಯ ಜೊತೆ ಟಿಪ್ಪಣಿ ಬರೆಯುವುದಕ್ಕೂ ಉಚಿತ ಖಾತೆಯಲ್ಲಿ ತಿಂಗಳಿಗೆ ಇಷ್ಟೇ ಎಂಬ ಮಿತಿಯಿದೆ. ಹಾಗಾಗಿ “ಕೆಳಗೆ ಕಾಮೆಂಟ್‌ನಲ್ಲಿ ಒಂದು ಸಾಲು ಬರೆದು, ಕನೆಕ್ಷನ್ ಕೋರಿಕೆ ಕಳಿಸಿ” ಎಂದು ಹೇಳುವುದು ಒಳ್ಳೆಯದು. ಪೋಸ್ಟ್ ಯಾರಿಗೆ ಕಾಣಬೇಕು ಎಂಬಲ್ಲಿ Anyone ಎಂದಿದೆಯೇ ನೋಡಿಕೊಳ್ಳಿ, ಕಾಮೆಂಟ್ ಮಾಡುವ ಅವಕಾಶವೂ ಎಲ್ಲರಿಗಿರಲಿ. ಫೋನ್ ನಂಬರನ್ನು ಮಾತ್ರ ಪೋಸ್ಟ್‌ನಲ್ಲಿ ಹಾಕಬೇಡಿ.

ಇದೆಲ್ಲ ಸೇರಿದ ಮೇಲೆ ಅವಳ ಪೋಸ್ಟ್ ಹೀಗಾಗುತ್ತದೆ. ಹೆಸರುಗಳ ಜಾಗದಲ್ಲಿ ಸಂಬಂಧವನ್ನಷ್ಟೇ ಬರೆದಿದ್ದೇನೆ:

“ಕಳೆದ ಸೋಮವಾರ ಬೆಂಗಳೂರಿನ @ಕಂಪನಿಯಲ್ಲಿ ಅಕೌಂಟ್ಸ್ ಪೇಯಬಲ್ ಅನಲಿಸ್ಟ್ ಆಗಿ ಸೇರಿದೆ. ಇದಕ್ಕೆ ಮೊದಲು ಎರಡು ವರ್ಷ ತುಮಕೂರಿನ ಆಡಿಟರ್ ಆಫೀಸಿನಲ್ಲಿದ್ದೆ.

ಜಿಎಸ್‌ಟಿಆರ್-2ಬಿಯಲ್ಲಿ ಕಾಣದ ಬಿಲ್ಲನ್ನು ಹುಡುಕಿ ಹಿಡಿಯುವುದು ಹೇಗೆಂದು @ಸೀನಿಯರ್ ಸರ್ ಆಫೀಸು ಮುಗಿದ ಮೇಲೂ ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದರು. ನಮ್ಮ ಕಾಮರ್ಸ್ ಮೇಡಂ ಫೋನಿನಲ್ಲೇ ಅಣಕು ಇಂಟರ್‌ವ್ಯೂ ಮಾಡಿ, ನಾನು ಮಾಡಿದ ಕೆಲಸವನ್ನು ನನ್ನದೆಂದು ಹೇಳಲು ಕಲಿಸಿದರು. @ಹಳೆಯ ವಿದ್ಯಾರ್ಥಿ ಅವರು ಪರಿಚಯವೇ ಇಲ್ಲದ ನನ್ನ ಮೂರು ಪುಟದ ರೆಸ್ಯೂಮೆಯನ್ನು ಓದಿ ಒಂದು ಪುಟಕ್ಕೆ ಇಳಿಸಿದರು. ಮೂವರಿಗೂ ಥ್ಯಾಂಕ್ಸ್.

ಸಣ್ಣ ಊರಿನ ಆಡಿಟರ್ ಆಫೀಸಿನಿಂದ ಕಂಪನಿ ಅಕೌಂಟ್ಸ್‌ಗೆ ಬರಲು ಪ್ರಯತ್ನಿಸುತ್ತಿರುವವರು ಕೆಳಗೆ ಒಂದು ಸಾಲು ಬರೆದು ಕನೆಕ್ಷನ್ ಕೋರಿಕೆ ಕಳಿಸಿ. ರೆಸ್ಯೂಮೆ ನೋಡಿ ನನಗೆ ತಿಳಿದದ್ದನ್ನು ಹೇಳುತ್ತೇನೆ. ನಾನೂ ಹೊಸಬಳಾದ್ದರಿಂದ ಸದ್ಯ ರೆಫರ್ ಮಾಡಲು ಆಗುವುದಿಲ್ಲ. ಅಕೌಂಟ್ಸ್ ಪೇಯಬಲ್‌ನಲ್ಲಿ ಅನುಭವವಿರುವವರ ಪರಿಚಯವಾದರೆ ಸಂತೋಷ, ಕಲಿಯುವುದು ಬಹಳ ಇದೆ.”

ಗೆಳತಿಯ ಹೆಸರಿಲ್ಲ. ಅವಳು ಬೇಡವೆಂದಳು ಎಂದುಕೊಳ್ಳೋಣ.

ಪೋಸ್ಟ್ ಜೊತೆ ಫೋಟೊ ಹಾಕುವ ಆಸೆಯಿದ್ದರೆ ಐಡಿ ಕಾರ್ಡ್, ಆಫರ್ ಲೆಟರ್, ತೆರೆದ ಲ್ಯಾಪ್‌ಟಾಪ್ ಇವು ಚಿತ್ರದಲ್ಲಿ ಬರಬಾರದು. ಐಡಿ ಕಾರ್ಡ್‌ನ ನಂಬರ್, ಬಾರ್‌ಕೋಡ್‌ಗಳನ್ನು ಫೋಟೊದಿಂದಲೇ ನಕಲು ಮಾಡಬಹುದು. ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಇಂಥ ಪೋಸ್ಟ್‌ಗಳನ್ನು ವಂಚಕರೂ ಓದುತ್ತಾರೆ, ಯಾಕೆಂದರೆ ಹೊಸದಾಗಿ ಸೇರಿದವರಿಗೆ ಮೇಲಧಿಕಾರಿಗಳ ಮಾತಿನ ಧಾಟಿ ಗೊತ್ತಿರುವುದಿಲ್ಲ, ಮರುಪ್ರಶ್ನೆ ಹಾಕುವ ಧೈರ್ಯವೂ ಇರುವುದಿಲ್ಲ. ಕೆಲವೇ ದಿನಗಳಲ್ಲಿ ಎಂ.ಡಿ. ಹೆಸರಿನಲ್ಲಿ ಸಂದೇಶ ಬರಬಹುದು: “ಮೀಟಿಂಗ್‌ನಲ್ಲಿದ್ದೇನೆ, ತುರ್ತಾಗಿ ಗಿಫ್ಟ್ ಕಾರ್ಡ್ ಕೊಂಡು ನಂಬರ್ ಕಳಿಸು.” ಹಣ ಪಾವತಿಸುವ ವಿಭಾಗದಲ್ಲಿರುವ ನಮ್ಮ ಹುಡುಗಿಗಾದರೆ “ಈ ಸರಬರಾಜುದಾರರ ಬ್ಯಾಂಕ್ ಖಾತೆ ಬದಲಾಗಿದೆ, ಇವತ್ತಿನ ಪಾವತಿ ಹೊಸ ಖಾತೆಗೆ ಹೋಗಲಿ” ಎಂಬ ಇಮೇಲ್ ಬರುವ ಸಂಭವವೇ ಹೆಚ್ಚು. ಎರಡಕ್ಕೂ ಮದ್ದು ಒಂದೇ. ಬಂದ ಸಂದೇಶಕ್ಕೆ ಉತ್ತರಿಸದೆ, ಆಫೀಸಿನಲ್ಲಿ ಮೊದಲೇ ಇರುವ ನಂಬರಿಗೆ ಫೋನ್ ಮಾಡಿ ಕೇಳಬೇಕು. ಪೋಸ್ಟ್‌ನಲ್ಲಿ ಹುದ್ದೆಯ ಹೆಸರು ಹೇಳಿದರೆ ಸಾಕು. ಯಾರ ಕೈಕೆಳಗೆ ಕೆಲಸ, ಎಷ್ಟು ಹಣದವರೆಗೆ ಮಂಜೂರು ಮಾಡಬಹುದು, ಯಾವ ಸಾಫ್ಟ್‌ವೇರ್ ಬಳಸುತ್ತೀರಿ ಎಂಬ ವಿವರ ಬೇಡ.

ಹಾಕಿದ ದಿನ ಮಾಡಬೇಕಾದ ಇನ್ನೊಂದು ಸಣ್ಣ ಕೆಲಸವಿದೆ. ಕೆಲಸ ಹುಡುಕುವಾಗ ಫೋಟೊ ಸುತ್ತ #OpenToWork ಎಂಬ ಹಸಿರು ಪಟ್ಟಿ ಹಾಕಿಕೊಂಡಿದ್ದರೆ ತೆಗೆಯಿರಿ. ಹೊಸ ಮ್ಯಾನೇಜರ್ ಅಭಿನಂದನೆ ಹೇಳಲು ಬಂದಾಗ ಅದು ಕಣ್ಣಿಗೆ ಬಿದ್ದರೆ ಚೆನ್ನಾಗಿರುವುದಿಲ್ಲ.

ಮೊದಲೆರಡು ದಿನ ಬರುವ ಅಭಿನಂದನೆಗಳಿಗೆಲ್ಲ ಉದ್ದುದ್ದ ಉತ್ತರ ಬೇಕಿಲ್ಲ. ಆದರೆ ನೀವು ಕರೆದ ವಿಷಯಕ್ಕೇ ಬಂದು ಒಂದು ಸಾಲು ಬರೆದವರಿಗೆ ಉತ್ತರಿಸಲೇಬೇಕು, ಕರೆದವರು ನೀವೇ ತಾನೆ. ಹೊಸ ಕೆಲಸದ ಒತ್ತಡದಲ್ಲಿ ಅದು ಆಗುತ್ತಿಲ್ಲ ಎನಿಸಿದರೆ ಸುಮ್ಮನಿರಬೇಡಿ, ಆಹ್ವಾನದ ಸಾಲನ್ನು ತೆಗೆದುಬಿಡಿ. ಪೋಸ್ಟ್ ಹಾಕಿದ ಮೇಲೂ ಅದರಲ್ಲಿ ಬರೆದದ್ದನ್ನು ತಿದ್ದಲು ಲಿಂಕ್ಡ್‌ಇನ್ ಬಿಡುತ್ತದೆ.